ಬಸ್ ಫ್ರೀ ಆಯಿತು, ಕೆಲಸವೂ ಸಿಕ್ಕಿತಾ? ಶಕ್ತಿ ಯೋಜನೆಯ ವರದಿಗೆ ಸೆಮಿನಾರಿನಲ್ಲಿ ಕೇಳಬೇಕಾದ ಪ್ರಶ್ನೆಗಳು

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಐಷಾರಾಮಿ ಬಸ್ಸುಗಳನ್ನು ಬಿಟ್ಟರೆ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಪ್ರಯಾಣ ಉಚಿತವಾಯಿತು. ಅಲ್ಲಿಂದೀಚೆಗೆ ಒಂದು ಮಾತು ಭಾಷಣಗಳಲ್ಲಿ, ವರದಿಗಳಲ್ಲಿ, ಟಿವಿ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದೆ. ಬಸ್ ಫ್ರೀ ಆದದ್ದರಿಂದ ಹೆಂಗಸರು ಹೆಚ್ಚಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ ಎಂಬ ಮಾತು.

ಇದು ನಿಜ ಇರಬಹುದು. ನನ್ನ ಅಂದಾಜು ಕೇಳಿದರೆ ಸ್ವಲ್ಪ ಮಟ್ಟಿಗೆ ನಿಜವೇ. ಆದರೆ ಅಂದಾಜು ಬೇರೆ, ತೋರಿಸಿಕೊಡುವುದು ಬೇರೆ ಅಲ್ವಾ? ಈ ಮಾತನ್ನು ಅಂಕಿಅಂಶಗಳಿಂದ ತೋರಿಸಲು ಹೊರಟ ಒಂದು ಪಾಲಿಸಿ ಪೇಪರ್ ಅರ್ಥಶಾಸ್ತ್ರ ವಿಭಾಗದ ಸೆಮಿನಾರಿಗೆ ಬಂತು ಅಂದುಕೊಳ್ಳಿ. ನಾನು ಯಾವುದೋ ಒಂದು ನಿಜವಾದ ಪೇಪರನ್ನು ಗುರಿ ಮಾಡುತ್ತಿಲ್ಲ. ಈ ಬಗೆಯ ಪೇಪರುಗಳು ಸಾಮಾನ್ಯವಾಗಿ ಹೇಗಿರುತ್ತವೋ ಹಾಗೆ ಒಂದನ್ನು ಊಹಿಸಿಕೊಂಡಿದ್ದೇನೆ. ಅದರಲ್ಲಿ ಮೂರು ಸಾಕ್ಷಿಗಳಿವೆ. ಒಂದು, ಶೂನ್ಯ ಟಿಕೆಟುಗಳ ಲೆಕ್ಕ. ಎರಡು, ಬಸ್ ನಿಲ್ದಾಣದಲ್ಲಿ ಹೆಂಗಸರನ್ನು ಮಾತಾಡಿಸಿ ಮಾಡಿದ ಸಮೀಕ್ಷೆ. ಮೂರು, ಯೋಜನೆಗೆ ಮೊದಲು ಮತ್ತು ನಂತರ ದುಡಿಯುವ ಹೆಂಗಸರ ಪ್ರಮಾಣ. ಕೊನೆಯಲ್ಲಿ ಒಂದು ತೀರ್ಮಾನ: ಶಕ್ತಿಯಿಂದ ಮಹಿಳೆಯರ ಉದ್ಯೋಗ ಹೆಚ್ಚಿದೆ.

ಸೆಮಿನಾರಿಗೆ ಹೋಗಿ ಅಭ್ಯಾಸ ಇರುವವರಿಗೆ ಗೊತ್ತು, ಮೂರನೇ ಸ್ಲೈಡಿಗೇ ಕೈ ಮೇಲೇಳುತ್ತದೆ.

ಮೊದಲು ಶೂನ್ಯ ಟಿಕೆಟ್. "ಸರ್, ಇದು ಪ್ರಯಾಣದ ಲೆಕ್ಕವೋ, ಹೆಂಗಸರ ಲೆಕ್ಕವೋ?" ಕಂಡಕ್ಟರ್ ಯಂತ್ರದಿಂದ ಕೊಡುವ ಪ್ರತಿ ಶೂನ್ಯ ಟಿಕೆಟ್ ಒಂದು ಪ್ರಯಾಣ. ಮನೆಯಿಂದ ಕೆಲಸದ ಜಾಗಕ್ಕೆ ಎರಡು ಬಸ್ ಹತ್ತಬೇಕಾದ ಹೆಂಗಸು ಹೋಗಿ ಬರುವಷ್ಟರಲ್ಲಿ ನಾಲ್ಕು ಟಿಕೆಟ್ ಆಗುತ್ತದೆ. ಹೀಗಾಗಿ ಕೋಟಿಗಟ್ಟಲೆ ಟಿಕೆಟ್ ಅಂದ ತಕ್ಷಣ ಕೋಟಿಗಟ್ಟಲೆ ಹೊಸ ಪ್ರಯಾಣಿಕರು ಅಂತಲ್ಲ. ಇನ್ನೂ ದೊಡ್ಡ ತೊಡಕು ಹಿಂದಿನ ಲೆಕ್ಕದ್ದು. 2023ಕ್ಕೆ ಮೊದಲು ಸಾಮಾನ್ಯ ಟಿಕೆಟಿನಲ್ಲಿ ದೊಡ್ಡವರು, ಮಕ್ಕಳು ಅನ್ನುವ ಭೇದ ಇತ್ತೇ ಹೊರತು ಗಂಡಸು, ಹೆಂಗಸು ಅಂತ ಇರಲಿಲ್ಲ. ತಿಂಗಳ ಪಾಸ್ ಇದ್ದವರಿಗೆ ಪ್ರತಿ ಸಲ ಟಿಕೆಟ್ ಕೊಡುತ್ತಲೂ ಇರಲಿಲ್ಲ. ಅಂದರೆ ಮೊದಲು ಎಷ್ಟು ಹೆಂಗಸರು ಬಸ್ ಹತ್ತುತ್ತಿದ್ದರು ಎಂಬುದೇ ಖಚಿತವಾಗಿ ಗೊತ್ತಿಲ್ಲ. ನಂತರದ್ದು ಮಾತ್ರ ಚೆನ್ನಾಗಿ ಗೊತ್ತಿದೆ. ಅಳೆಯುವ ರೀತಿಯೇ ಬದಲಾದ ದಿನದಿಂದ ಗ್ರಾಫ್ ಎದ್ದು ನಿಂತರೆ, ಅದರಲ್ಲಿ ಎಷ್ಟು ಪಾಲು ನಿಜವಾದ ಏರಿಕೆ, ಎಷ್ಟು ಪಾಲು ಲೆಕ್ಕಕ್ಕೆ ಹೊಸದಾಗಿ ಸೇರಿದ್ದು ಎಂದು ಬಿಡಿಸಿ ಹೇಳಬೇಕಾಗುತ್ತದೆ. ಬಸ್ಸಿನಲ್ಲಿ ಹೆಂಗಸರು ಜಾಸ್ತಿ ಆಗಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಯಾವ ಬಸ್ ಹತ್ತಿದರೂ ಕಾಣುತ್ತದೆ. ಆದರೆ ಆ ಬಸ್ಸುಗಳಲ್ಲಿ ಕೆಲಸಕ್ಕೆ ಹೊರಟವರು ಇದ್ದಾರೆ, ಆಸ್ಪತ್ರೆಗೆ, ತವರಿಗೆ, ಧರ್ಮಸ್ಥಳಕ್ಕೆ ಹೊರಟವರೂ ಇದ್ದಾರೆ. ಎಲ್ಲರ ಕೈಯಲ್ಲೂ ಅದೇ ಟಿಕೆಟ್.

ಎರಡನೆಯದು ನಿಲ್ದಾಣದ ಸಮೀಕ್ಷೆ. ಬಸ್ಸಿಗೆ ಕಾದು ನಿಂತವರನ್ನು ಕೇಳಿದ್ದೀರಿ. ಬಸ್ ಹತ್ತದವರು, ಊರಿಗೆ ಬಸ್ಸೇ ಬಾರದವರು, ನೂಕುನುಗ್ಗಲು ಅಂತ ಬಸ್ ಬಿಟ್ಟವರು ನಿಮಗೆ ಸಿಗುವುದೇ ಇಲ್ಲ. ದಿನಾ ಬಸ್ ಹತ್ತುವವರು ಎಂದೋ ಒಮ್ಮೆ ಹತ್ತುವವರಿಗಿಂತ ನಿಮ್ಮ ಕೈಗೆ ಸಿಗುವ ಸಾಧ್ಯತೆ ಎಷ್ಟೋ ಜಾಸ್ತಿ, ಮತ್ತು ದಿನಾ ಹತ್ತುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವವರೇ. ಇನ್ನು "ಶಕ್ತಿಯಿಂದ ನಿಮಗೆ ಕೆಲಸ ಸಿಕ್ಕಿತಾ?" ಅನ್ನುವ ಪ್ರಶ್ನೆ. ಈ ಯೋಜನೆ ಇಲ್ಲದಿದ್ದರೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದ ಹಾಗೆ ಅದು. ಅದಕ್ಕೆ ಉತ್ತರ ಆ ಹೆಂಗಸಿಗೂ ಗೊತ್ತಿರುವುದಿಲ್ಲ. ಇಂಥ ಸಮೀಕ್ಷೆ ದಂಡ ಅಂತಲ್ಲ. ಉಳಿದ ಟಿಕೆಟ್ ದುಡ್ಡನ್ನು ಏನು ಮಾಡುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಮೊದಲು ಹೇಗೆ ಹೋಗುತ್ತಿದ್ದಿರಿ ಎಂಬುದನ್ನೆಲ್ಲ ಅದರಿಂದ ತಿಳಿಯಬಹುದು. ಕಾರಣ ಯಾವುದು ಎಂಬುದನ್ನು ಮಾತ್ರ ತಿಳಿಯಲಾಗುವುದಿಲ್ಲ.

ನಿಜವಾದ ಚರ್ಚೆ ಶುರುವಾಗುವುದು ಮೂರನೆಯದಕ್ಕೆ ಬಂದಾಗ.

ದುಡಿಯುವವರ ಲೆಕ್ಕಕ್ಕೆ ನಮ್ಮಲ್ಲಿ ಮುಖ್ಯ ಮೂಲ ಪಿಎಲ್‌ಎಫ್‌ಎಸ್, ಅಂದರೆ ಕೇಂದ್ರ ಸರ್ಕಾರ ನಡೆಸುವ ದುಡಿಮೆಯ ಸಮೀಕ್ಷೆ. ಅದರ ವರ್ಷ ಜುಲೈಯಿಂದ ಮುಂದಿನ ಜೂನ್‌ವರೆಗೆ ಇತ್ತು. ಶಕ್ತಿ ಶುರುವಾದದ್ದು ಜೂನ್ ನಡುವೆ. ಹಾಗಾಗಿ 2022-23ರ ಸುತ್ತು ಬಹುಪಾಲು ಯೋಜನೆಗೆ ಮೊದಲಿನದು, 2023-24ರ ಸುತ್ತು ಪೂರ್ತಿ ನಂತರದ್ದು. ಅಂಕಿಅಂಶದವರಿಗೆ ಇಷ್ಟು ಅನುಕೂಲವಾಗಿ ದಿನ ಕೂಡಿ ಬರುವುದು ಅಪರೂಪ. ಅದಕ್ಕೇ ಎಲ್ಲರಿಗೂ ಈ ಎರಡು ಸುತ್ತುಗಳನ್ನು ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯುವ ಆಸೆ ಹುಟ್ಟುತ್ತದೆ.

ಆದರೆ ಇಡೀ ದೇಶದ ಲೆಕ್ಕ ನೋಡಿ. ಹದಿನೈದು ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರ ಪ್ರಮಾಣ 2017-18ರಲ್ಲಿ ಶೇ 23.3 ಇತ್ತು. 2022-23ರಲ್ಲಿ ಶೇ 37 ಆಯಿತು. 2023-24ರಲ್ಲಿ ಶೇ 41.7. ಕರ್ನಾಟಕದ ಬಸ್ ಟಿಕೆಟಿಗೂ ಜಾರ್ಖಂಡಿನ ಹೊಲದಲ್ಲಿ ದುಡಿಯುವ ಹೆಂಗಸಿಗೂ ಸಂಬಂಧವಿಲ್ಲ. ಅಂದಮೇಲೆ ಯೋಜನೆ ಇರಲಿ ಬಿಡಲಿ, ಕರ್ನಾಟಕದ ಸಂಖ್ಯೆಯೂ ಆ ವರ್ಷ ಏರುವ ಸಂಭವವೇ ಜಾಸ್ತಿ ಇತ್ತು. ಮೊದಲು ಇಷ್ಟು, ಆಮೇಲೆ ಇಷ್ಟು ಅನ್ನುವ ಲೆಕ್ಕ ದೇಶಕ್ಕೆಲ್ಲ ಬಂದ ಏರಿಕೆಯನ್ನೂ ಶಕ್ತಿಯ ಖಾತೆಗೆ ಹಾಕಿಬಿಡುತ್ತದೆ.

ಇದಕ್ಕೆ ಎಲ್ಲರೂ ಮಾಡುವ ಮೊದಲ ಪರಿಹಾರ, ಯೋಜನೆ ಇಲ್ಲದ ಒಂದು ರಾಜ್ಯವನ್ನು ಪಕ್ಕಕ್ಕೆ ಇಟ್ಟುಕೊಳ್ಳುವುದು. ಕರ್ನಾಟಕದ ಏರಿಕೆಯಿಂದ ಆ ರಾಜ್ಯದ ಏರಿಕೆಯನ್ನು ಕಳೆಯುವುದು. ಇದಕ್ಕೆ ಡಿಫರೆನ್ಸ್ ಇನ್ ಡಿಫರೆನ್ಸಸ್ ಅನ್ನುತ್ತಾರೆ, ಸೆಮಿನಾರಿನಲ್ಲಿ ಡಿಫ್ ಇನ್ ಡಿಫ್ ಅಂತ ಸಣ್ಣದಾಗಿ. ಲೆಕ್ಕ ಹೇಗೆ ತಿರುಗುತ್ತದೆ ಎಂದು ನೋಡಲು ನಾನೇ ಕಟ್ಟಿದ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಇವು ನಿಜವಾದ ಅಂಕಿಗಳಲ್ಲ. ಕರ್ನಾಟಕದಲ್ಲಿ ನೂರು ಹೆಂಗಸರಲ್ಲಿ ದುಡಿಯುವವರು ಯೋಜನೆಗೆ ಮೊದಲು 30, ಆಮೇಲೆ 36. ಪೇಪರಿನ ತಲೆಬರಹದಲ್ಲಿ ಇರುವುದು ಈ ಆರು. ಪಕ್ಕದ ರಾಜ್ಯದಲ್ಲಿ ಅದೇ ಅವಧಿಯಲ್ಲಿ 28 ಇದ್ದದ್ದು 32 ಆಗಿದೆ, ಯೋಜನೆ ಇಲ್ಲದೆಯೇ ನಾಲ್ಕು ಏರಿದೆ. ಕಳೆದರೆ ಎರಡು ಉಳಿಯಿತು. ಆರು ಎರಡಾಯಿತು.

ಇಲ್ಲಿಗೆ ಮುಗಿಯಲಿಲ್ಲ. ಹಿಂದಿನ ಸಾಲಿನಿಂದ ಇನ್ನೊಬ್ಬರು ಕೇಳುತ್ತಾರೆ, "ಮೇಡಂ, ಅದಕ್ಕೂ ಹಿಂದಿನ ವರ್ಷಗಳಲ್ಲಿ ಈ ಎರಡು ರಾಜ್ಯಗಳು ಹೇಗೆ ಸಾಗುತ್ತಿದ್ದವು?" ತೆಗೆದು ನೋಡಿದರೆ, ಅಷ್ಟೇ ಉದ್ದದ ಹಿಂದಿನ ಅವಧಿಯಲ್ಲಿ ಕರ್ನಾಟಕ ಐದು ಏರಿತ್ತು, ಪಕ್ಕದ ರಾಜ್ಯ ಮೂರು. ಅಂದರೆ ಫ್ರೀ ಬಸ್ಸಿನ ಸುದ್ದಿಯೇ ಇಲ್ಲದಾಗಲೂ ಕರ್ನಾಟಕ ಎರಡು ಅಂಕ ಮುಂದೆ ಓಡುತ್ತಿತ್ತು. ಆಮೇಲೂ ಎರಡೇ ಅಂಕ ಮುಂದೆ. ಯೋಜನೆಯ ಪಾಲಿಗೆ ಉಳಿದದ್ದು ಸೊನ್ನೆ. ಈ ವಿಧಾನ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಯೋಜನೆ ಬಾರದೇ ಇದ್ದಿದ್ದರೆ ಎರಡೂ ರಾಜ್ಯಗಳು ಒಂದೇ ವೇಗದಲ್ಲಿ ಸಾಗುತ್ತಿದ್ದವು ಎಂಬ ನಂಬಿಕೆ. ಅದನ್ನು ಪ್ಯಾರಲಲ್ ಟ್ರೆಂಡ್ಸ್ ಅನ್ನುತ್ತಾರೆ. ಹಿಂದಿನ ವರ್ಷಗಳಲ್ಲಿ ಎರಡು ಗೆರೆ ಒಂದಕ್ಕೊಂದು ಸಮಾನಾಂತರವಾಗಿ ಹೋಗಿದ್ದರೆ ಈ ನಂಬಿಕೆಗೆ ಸ್ವಲ್ಪ ಬಲ ಬರುತ್ತದೆ. ಸಾಬೀತಂತೂ ಆಗುವುದಿಲ್ಲ, ಏಕೆಂದರೆ ಯೋಜನೆ ಬಾರದ ಕರ್ನಾಟಕವನ್ನು 2023-24ರಲ್ಲಿ ಯಾರೂ ನೋಡಿಲ್ಲ.

ಇನ್ನು ಪಕ್ಕದ ರಾಜ್ಯ ಅಂದರೆ ಯಾವುದು? ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ತಮಿಳುನಾಡಿನಲ್ಲಿ 2021ರಿಂದಲೇ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ. ಮಹಾರಾಷ್ಟ್ರದಲ್ಲಿ ಶಕ್ತಿಗಿಂತ ಮೂರೇ ತಿಂಗಳು ಮೊದಲು, 2023ರ ಮಾರ್ಚ್‌ನಲ್ಲಿ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ದರ ಮಾಡಿದರು. ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಲ್ಲಿ ಮಹಾಲಕ್ಷ್ಮಿ ಹೆಸರಿನಲ್ಲಿ ಉಚಿತವೇ ಆಯಿತು. ಬೆಳಗಾವಿ ಗಡಿಯ ಈಚೆಯ ಹಳ್ಳಿಯನ್ನು ಆಚೆಯ ಹಳ್ಳಿಯ ಜೊತೆ ಹೋಲಿಸುವುದು ಕೇಳಲು ಬಹಳ ಚೆನ್ನಾಗಿದೆ. ಮಣ್ಣು ಒಂದೇ, ಬೆಳೆ ಒಂದೇ, ಎಷ್ಟೋ ಮನೆಗಳಲ್ಲಿ ಭಾಷೆಯೂ ಒಂದೇ. ಆದರೆ ಆಚೆಯವರಿಗೂ ಅರ್ಧ ಔಷಧ ಕೊಟ್ಟಾಗಿದೆ. ಅಲ್ಲಿ ವ್ಯತ್ಯಾಸ ಕಾಣದಿದ್ದರೆ ಶಕ್ತಿ ಕೆಲಸ ಮಾಡಲಿಲ್ಲ ಎಂದೂ ಹೇಳಲಾಗುವುದಿಲ್ಲ, ಎರಡೂ ಕಡೆ ಕೆಲಸ ಮಾಡಿರಬಹುದು. ತಮಿಳುನಾಡನ್ನು ಹೋಲಿಕೆಗೆ ಇಟ್ಟರೆ ಇನ್ನೊಂದು ಬಗೆಯ ಕಷ್ಟ. ಅಲ್ಲಿ ಯೋಜನೆಯ ಪರಿಣಾಮ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ, ಆ ಬೆಳವಣಿಗೆಯನ್ನು ನಾವು ಕರ್ನಾಟಕದ ಲೆಕ್ಕದಿಂದ ಕಳೆದಂತಾಗುತ್ತದೆ. ನಿಜವಾಗಿ ಒಳ್ಳೆಯದೇ ಆಗಿದ್ದರೂ ಉತ್ತರ ಸೊನ್ನೆ, ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗೆ ಬರಬಹುದು.

ಇಷ್ಟೆಲ್ಲ ದಾಟಿ ಬಂದರೂ ಕರ್ನಾಟಕದ್ದೇ ಒಂದು ವಿಶೇಷ ತಲೆನೋವು ಇದೆ. ಶಕ್ತಿ ಒಂಟಿಯಾಗಿ ಬರಲಿಲ್ಲ. ಗ್ಯಾರಂಟಿಗಳು ಸಾಲಾಗಿ ಬಂದವು. ಜುಲೈಯಲ್ಲಿ ಅನ್ನಭಾಗ್ಯದ ಅಕ್ಕಿಯ ಬದಲು ಹಣ, ಆಗಸ್ಟ್ ಕೊನೆಗೆ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರದ ಗೃಹಲಕ್ಷ್ಮಿ, ಜೊತೆಗೆ 200 ಯೂನಿಟ್‌ವರೆಗೆ ಕರೆಂಟ್ ಬಿಲ್ ಇಲ್ಲ. ಎಲ್ಲವೂ ಕೆಲವೇ ತಿಂಗಳ ಒಳಗೆ, ಇಡೀ ರಾಜ್ಯಕ್ಕೆ. ಗೃಹಲಕ್ಷ್ಮಿಯ ಹಣ ಬಂದ ಮೇಲೆ ಒಬ್ಬಳು ಕೂಲಿ ಬಿಡಬಹುದು. ಇನ್ನೊಬ್ಬಳು ಅದೇ ದುಡ್ಡಿನಲ್ಲಿ ಹೊಲಿಗೆ ಯಂತ್ರ ಕೊಂಡು ದುಡಿಮೆ ಶುರು ಮಾಡಬಹುದು. ಶಕ್ತಿ ಒಂದು ಕಡೆ ಎಳೆದು ಗೃಹಲಕ್ಷ್ಮಿ ಇನ್ನೊಂದು ಕಡೆ ಎಳೆದರೆ ಮೊತ್ತದಲ್ಲಿ ಏನೂ ಕಾಣದೇ ಹೋಗಬಹುದು. ರಾಜ್ಯದ ಮಟ್ಟದಲ್ಲಿ ಸಿಗುವ ಯಾವ ಸಂಖ್ಯೆಯೂ ಎಲ್ಲ ಗ್ಯಾರಂಟಿಗಳ ಒಟ್ಟು ಫಲವೇ. ಅದಕ್ಕೆ ಶಕ್ತಿ ಅಂತ ಒಂದೇ ಹೆಸರು ಕೊಟ್ಟರೆ ಸೆಮಿನಾರಿನಲ್ಲಿ ಯಾರೂ ಒಪ್ಪುವುದಿಲ್ಲ.

ಹಾಗಾದರೆ ದಾರಿಯೇ ಇಲ್ವಾ? ಇದೆ. ಐಡೆಂಟಿಫಿಕೇಶನ್ ಸ್ಟ್ರಾಟಜಿ ಅಂತ ದೊಡ್ಡದಾಗಿ ಹೇಳುವುದರ ಹಿಂದೆ ಇರುವುದು ಒಂದು ಸರಳ ಹುಡುಕಾಟ. ಉಳಿದದ್ದೆಲ್ಲ ಇಬ್ಬರಿಗೂ ಸಮನಾಗಿ ತಾಗಿ, ಬಸ್ ಮಾತ್ರ ಒಬ್ಬರಿಗೆ ಫ್ರೀ ಆಗಿ ಇನ್ನೊಬ್ಬರಿಗೆ ಆಗದ ಜಾಗ ಎಲ್ಲಿದೆ? ಕರ್ನಾಟಕವನ್ನು ಹತ್ತಿರದಿಂದ ಬಲ್ಲವರಿಗೆ ಇಂಥ ಎರಡು ಜಾಗ ಹೊಳೆಯಬೇಕು.

ಒಂದು, ಕರಾವಳಿ. ಮಂಗಳೂರು, ಉಡುಪಿ ಕಡೆ ಊರೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಶಕ್ತಿ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ಅಲ್ಲಿನ ಹೆಂಗಸರಿಗೆ ಗೃಹಲಕ್ಷ್ಮಿ ಹಣ ಬರುತ್ತದೆ, ಕರೆಂಟ್ ಬಿಲ್ ಇಲ್ಲ, ಆದರೆ ದಿನದ ಓಡಾಟಕ್ಕೆ ಟಿಕೆಟ್ ಕಾಸು ಕೊಡಲೇಬೇಕು. ಮೈಸೂರು ಅಥವಾ ಹುಬ್ಬಳ್ಳಿಯಲ್ಲಿ ಎಲ್ಲವೂ ಇದೆ, ಬಸ್ಸೂ ಫ್ರೀ. ಈ ಎರಡು ಕಡೆಗಳ ಬದಲಾವಣೆಯನ್ನು ಹೋಲಿಸಿದರೆ ಉಳಿದ ಗ್ಯಾರಂಟಿಗಳು ಲೆಕ್ಕದಿಂದ ಕಳೆದುಹೋಗಿ ಬಸ್ಸಿನ ಪಾಲು ಉಳಿಯುತ್ತದೆ. ನನಗೆ ಈ ಹೋಲಿಕೆ ಬಹಳ ಇಷ್ಟ. ಆದರೆ ಕೂಡಲೇ ಅದರ ಮೇಲೂ ಕೈ ಏಳುತ್ತದೆ. ಕರಾವಳಿಯಲ್ಲಿ ಹೆಣ್ಣುಮಕ್ಕಳ ಓದು ಮೊದಲಿಂದಲೂ ಮುಂದಿದೆ, ಬೀಡಿ ಕಟ್ಟುವ ಕೆಲಸ ಮನೆಯಲ್ಲೇ ನಡೆಯುತ್ತದೆ, ಗಲ್ಫ್‌ನಿಂದ ದುಡ್ಡು ಬರುವ ಮನೆಗಳಿವೆ. ಇವೆಲ್ಲ ವರ್ಷಾನುಗಟ್ಟಲೆ ಇದ್ದಂತೆಯೇ ಇದ್ದರೆ ತೊಂದರೆಯಿಲ್ಲ, ಏಕೆಂದರೆ ನಾವು ಹೋಲಿಸುವುದು ಬದಲಾವಣೆಯನ್ನು, ಮಟ್ಟವನ್ನಲ್ಲ. ಆದರೆ ಬೀಡಿ ಕೆಲಸ ಅದೇ ಹೊತ್ತಿಗೆ ಕುಸಿಯುತ್ತಿದ್ದರೆ? ಆಗ ಮೈಸೂರು ಏರಿದಂತೆ ಕಾಣುತ್ತದೆ, ನಿಜವಾಗಿ ಇಳಿದದ್ದು ಕರಾವಳಿ. ಹೀಗೆ ಆಗಿಲ್ಲ ಎಂದು ಪೇಪರ್ ಬರೆದವರು ತೋರಿಸಬೇಕು. ಮನೆಯಲ್ಲೇ ಮಾಡುವ ಕೆಲಸವನ್ನು ಬಿಟ್ಟು ಹೊರಗೆ ಹೋಗಿ ಮಾಡುವ ಕೆಲಸವನ್ನಷ್ಟೇ ಎಣಿಸುವುದು ಅದಕ್ಕೆ ಒಂದು ದಾರಿ.

ಎರಡು, ಬೆಂಗಳೂರಿನ ವಲಸೆ ಕೆಲಸಗಾರ್ತಿಯರು. ಶಕ್ತಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಒಂದೇ ಗಾರ್ಮೆಂಟ್ಸ್‌ನಲ್ಲಿ, ಒಂದೇ ಪಾಳಿಯಲ್ಲಿ, ತುಮಕೂರಿನ ಹುಡುಗಿ ಶೂನ್ಯ ಟಿಕೆಟ್ ತೋರಿಸುತ್ತಾಳೆ, ಒಡಿಶಾದ ಹುಡುಗಿ ದುಡ್ಡು ಕೊಡುತ್ತಾಳೆ. ಊರು ಅದೇ, ಬಸ್ ಅದೇ, ನೂಕುನುಗ್ಗಲು ಅದೇ, ಮಾಲೀಕ ಕೊಡುವ ಸಂಬಳವೂ ಹೆಚ್ಚುಕಡಿಮೆ ಅದೇ. ಬೇರೆ ಇರುವುದು ಟಿಕೆಟ್ ದರ ಮಾತ್ರ. ತುಮಕೂರಿನ ಹುಡುಗಿಯರು 2023ರ ನಂತರ ದೂರದ, ಹೆಚ್ಚು ಸಂಬಳದ ಕಾರ್ಖಾನೆಗಳಿಗೆ ಬದಲಾಗಿದ್ದಾರಾ, ಒಡಿಶಾದವರು ಬದಲಾಗಿಲ್ವಾ ಎಂದು ನೋಡಬಹುದು. ಇಲ್ಲಿ ಗೃಹಲಕ್ಷ್ಮಿಯ ಕಾಟವೂ ಕಡಿಮೆ. ಆ ಹಣ ಹೋಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರುವವರಿಗೆ, ಮದುವೆಯಾಗದ ಹುಡುಗಿಯರಿಗಲ್ಲ. ಅಮ್ಮನಿಗೆ ಬಂದರೆ ಮನೆಗೆ ಬಂದಂತೆಯೇ ಎಂಬ ತಕರಾರು ಇದ್ದೇ ಇರುತ್ತದೆ, ಆದರೂ ಮೊದಲಿಗಿಂತ ವಾಸಿ. ತೊಡಕು ಇರುವುದು ಬೇರೆ ಕಡೆ. ವಲಸೆ ಬಂದ ಹುಡುಗಿಯರಲ್ಲಿ ಹಲವರು ಕಾರ್ಖಾನೆಯ ಹಾಸ್ಟೆಲ್‌ನಲ್ಲೇ ಇರುತ್ತಾರೆ, ಅವರಿಗೆ ಬಸ್ಸೇ ಬೇಡ. ಇಲ್ಲೇ ನೆಲೆ ನಿಲ್ಲಬೇಕು ಎಂದುಕೊಂಡವರು ಆಧಾರ್ ವಿಳಾಸ ಬದಲಾಯಿಸಿಕೊಂಡು ಫ್ರೀ ಬಸ್ಸಿನ ಗುಂಪಿಗೆ ಸೇರುತ್ತಾರೆ. ಹೀಗೆ ಸೇರುವವರೇ ಹೆಚ್ಚು ಹುಮ್ಮಸ್ಸಿನವರು. ಆದ್ದರಿಂದ ಇವತ್ತಿನ ವಿಳಾಸ ನೋಡಿ ಗುಂಪು ಮಾಡಬಾರದು, 2023ರ ಜೂನ್‌ಗೆ ಮೊದಲು ಯಾವ ವಿಳಾಸ ಇತ್ತು ಎಂದು ನೋಡಿ ಮಾಡಬೇಕು.

ಈ ಬಗೆಯ ಹುಡುಕಾಟಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ದುಡ್ಡು ಕೊಡಲು ಶುರು ಮಾಡಿತು. ಶಾಲೆಗೆ ಸೇರುವ ಹುಡುಗಿಯರು ಜಾಸ್ತಿಯಾದರು. ಆದರೆ ಅದೇ ವರ್ಷಗಳಲ್ಲಿ ಬಿಹಾರದಲ್ಲಿ ರಸ್ತೆ, ಪೊಲೀಸು, ಆದಾಯ ಎಲ್ಲವೂ ಬದಲಾಗುತ್ತಿತ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಇದನ್ನು ಬಿಡಿಸಿದ ರೀತಿ ನೋಡಿ. ಮೊದಲು ಯೋಜನೆ ಸಿಕ್ಕ ವಯಸ್ಸಿನ ಹುಡುಗಿಯರನ್ನು, ಅದು ಸಿಗದಷ್ಟು ದೊಡ್ಡವರಾದ ಹುಡುಗಿಯರ ಜೊತೆ ಹೋಲಿಸಿದರು. ಅದರಿಂದ ಹುಡುಗರಲ್ಲಿ ಆದ ಅದೇ ವ್ಯತ್ಯಾಸವನ್ನು ಕಳೆದರು, ಏಕೆಂದರೆ ಹೊಸ ರಸ್ತೆ ಹುಡುಗರಿಗೂ ಬಂತು, ಸೈಕಲ್ ದುಡ್ಡು ಆಗ ಅವರಿಗೆ ಬರಲಿಲ್ಲ. ಹುಡುಗಿಯರು ತಾವಾಗಿಯೇ ಹುಡುಗರನ್ನು ಹಿಂದೆ ಹಾಕುತ್ತಿದ್ದರೆ? ಅದಕ್ಕೆ 2000ದವರೆಗೂ ಬಿಹಾರದ್ದೇ ಭಾಗವಾಗಿದ್ದ ಜಾರ್ಖಂಡಿನಲ್ಲಿ ಅದೇ ಲೆಕ್ಕ ಮಾಡಿ ಮತ್ತೊಮ್ಮೆ ಕಳೆದರು. ಮೂರು ಸಲ ಕಳೆದ ಮೇಲೂ ಹುಡುಗಿಯರ ಪ್ರೌಢಶಾಲೆ ಸೇರ್ಪಡೆಯಲ್ಲಿ ಶೇ 32ರಷ್ಟು ಏರಿಕೆ ಉಳಿಯಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿಯಿತು.

ಆದರೂ ನನಗೆ ಹೆಚ್ಚು ಒಪ್ಪಿಗೆಯಾಗುವುದು ಆ ಪೇಪರಿನ ಇನ್ನೊಂದು ಭಾಗ. ಸೈಕಲ್ಲೇ ಕಾರಣ ಅನ್ನುವುದಾದರೆ ಶಾಲೆ ದೂರ ಇರುವ ಹಳ್ಳಿಗಳಲ್ಲಿ ಪರಿಣಾಮ ದೊಡ್ಡದಿರಬೇಕು, ಶಾಲೆ ಪಕ್ಕದಲ್ಲೇ ಇರುವಲ್ಲಿ ಇರಬಾರದು. ಲೆಕ್ಕ ಹಾಕಿದಾಗ ಹಾಗೆಯೇ ಬಂತು. ಏರಿಕೆಯ ಹೆಚ್ಚಿನ ಪಾಲು ಶಾಲೆ ದೂರ ಇದ್ದ ಹಳ್ಳಿಗಳದ್ದೇ. ಬೇರೆ ಯಾವುದೋ ಕಾರಣ ಇದ್ದಿದ್ದರೆ, ಅದು ಹುಡುಗಿಯರಿಗೆ ಮಾತ್ರ, ಬಿಹಾರದಲ್ಲಿ ಮಾತ್ರ, ಆ ವಯಸ್ಸಿನವರಿಗೆ ಮಾತ್ರ, ಅದೂ ಶಾಲೆ ದೂರ ಇರುವ ಊರುಗಳಲ್ಲಿ ಮಾತ್ರ ತಾಗಿರಬೇಕು. ಅಂಥ ಕಾರಣವನ್ನು ಊಹಿಸಿಕೊಳ್ಳುವುದೇ ಕಷ್ಟ.

ಶಕ್ತಿಯ ಪೇಪರಿಗೂ ಇದೇ ಪ್ರಶ್ನೆ ಕೇಳಬಹುದು. ಕಾರಣ ಬಸ್ಸೇ ಆಗಿದ್ದರೆ ಏರಿಕೆ ಎಲ್ಲಿ ಕಾಣಬೇಕು? ಬಸ್ ಹತ್ತಿ ಹೋಗಬೇಕಾದ ಕೆಲಸಗಳಲ್ಲಿ. ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಮನೆಗೆಲಸ. ಆದರೆ ಪಿಎಲ್‌ಎಫ್‌ಎಸ್‌ನ ದೇಶದ ಲೆಕ್ಕದಲ್ಲಿ ದುಡಿಯುವ ಹೆಂಗಸರ ಪೈಕಿ ಸ್ವಂತ ಉದ್ಯೋಗದವರ ಪಾಲು 2017-18ರಲ್ಲಿ ಅರ್ಧದಷ್ಟಿದ್ದದ್ದು 2023-24ರ ಹೊತ್ತಿಗೆ ಮೂರರಲ್ಲಿ ಎರಡಾಗಿದೆ. ಇದರಲ್ಲಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ಸ್ವಂತ ಹೊಲಕ್ಕೆ ಹೋಗಲು ಬಸ್ ಬೇಕಿಲ್ಲ. ಪೇಪರಿನಲ್ಲಿ ತೋರಿಸಿದ ಏರಿಕೆ ಈ ಬಗೆಯ ಕೆಲಸದಲ್ಲೇ ಇದ್ದರೆ ಅದು ಶಕ್ತಿಯ ಫಲ ಅಂತ ಹೇಳುವುದು ಕಷ್ಟ. ಸಂಬಳದ ಕೆಲಸದಲ್ಲಿ, ಅದೂ ಸರ್ಕಾರಿ ಬಸ್ ಚೆನ್ನಾಗಿ ಓಡುವ ಕಡೆ, ಏರಿಕೆ ಇದ್ದರೆ ಮಾತಿಗೆ ತೂಕ ಬರುತ್ತದೆ. ಮುಖ್ಯ ಕೋಷ್ಟಕಕ್ಕಿಂತ ಈ ಕೋಷ್ಟಕವನ್ನೇ ನಾನು ಮೊದಲು ತೆರೆದು ನೋಡುತ್ತೇನೆ.

ಸೆಮಿನಾರಿನಲ್ಲಿ ಒಂದು ಪ್ರಶ್ನೆಗೆ ಹೆಚ್ಚಿನವರು ತಡವರಿಸುತ್ತಾರೆ. "ಸಾವಿರಾರು ಕುಟುಂಬಗಳ ದತ್ತಾಂಶ ಅಂತೀರಿ, ಆದರೆ ಯೋಜನೆ ಬಂದದ್ದು ಎಷ್ಟು ಕಡೆ?" ಒಂದೇ ಕಡೆ, ಕರ್ನಾಟಕದಲ್ಲಿ. ಆ ವರ್ಷ ಕರ್ನಾಟಕಕ್ಕೆ ಮಾತ್ರ ತಾಗಿದ ಬೇರೆ ಏನಿದ್ದರೂ ಆ ಸಾವಿರಾರು ಕುಟುಂಬಗಳಿಗೆ ಒಟ್ಟಿಗೇ ತಾಗಿರುತ್ತದೆ. 2023ರಲ್ಲಿ ಅಂಥದ್ದು ಇತ್ತಾ? ಇತ್ತು, ಆ ವರ್ಷದ ಮುಂಗಾರಿನಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಬರದ ವರ್ಷ ಹಳ್ಳಿಯ ಹೆಂಗಸರ ದುಡಿಮೆ ಯಾವ ಕಡೆಗೆ ವಾಲಿದರೂ ಅದು ಶಕ್ತಿಯ ಲೆಕ್ಕಕ್ಕೆ ಬಂದು ಸೇರುತ್ತದೆ. ಪ್ರತಿ ಕುಟುಂಬವನ್ನೂ ಸ್ವತಂತ್ರ ಸಾಕ್ಷಿ ಎಂದು ಎಣಿಸಿದರೆ ಲೆಕ್ಕ ನಿಜವಾಗಿ ಇರುವುದಕ್ಕಿಂತ ಹೆಚ್ಚು ನಿಖರವಾಗಿ ಕಾಣುತ್ತದೆ. ಬರ್ಟ್ರಂಡ್, ಡುಫ್ಲೋ, ಮುಲ್ಲೈನಾಥನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2004ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಅಮೆರಿಕದ ಹೆಂಗಸರ ಸಂಬಳದ ದತ್ತಾಂಶ ತೆಗೆದುಕೊಂಡು, ಯಾವುದೋ ರಾಜ್ಯಗಳಲ್ಲಿ ಯಾವುದೋ ವರ್ಷ ಒಂದು ಕಾನೂನು ಬಂತು ಎಂದು ಸುಳ್ಳೇ ಅಂದುಕೊಂಡು ಲೆಕ್ಕ ಮಾಡಿದರು. ಇಲ್ಲದ ಕಾನೂನಿಗೆ, ಅವರು ಬಳಸಿದ ಮಾಮೂಲಿ ಅಳತೆಯ ಪ್ರಕಾರ, ಆಕಸ್ಮಿಕವಾಗಿ ನೂರಕ್ಕೆ ಐದು ಸಲ ಮಾತ್ರ ಪರಿಣಾಮ ಕಾಣಬೇಕಿತ್ತು. ನೂರಕ್ಕೆ ನಲವತ್ತೈದು ಸಲದವರೆಗೂ ಕಂಡಿತು!

ಇದೇ ಪರೀಕ್ಷೆಯನ್ನು ಶಕ್ತಿ ಪೇಪರಿನ ಮೇಲೆ ಮಾಡುವುದು ಸುಲಭ. ಕರ್ನಾಟಕವನ್ನು ಪಕ್ಕಕ್ಕಿಟ್ಟು ಗುಜರಾತಿಗೆ 2023ರಲ್ಲಿ ಶಕ್ತಿ ಬಂತು ಎಂದು ಸುಳ್ಳು ಹೇಳಿ ಅದೇ ಲೆಕ್ಕ ಮಾಡಿ. ಆಮೇಲೆ ಒಡಿಶಾ, ಆಮೇಲೆ ಮಧ್ಯಪ್ರದೇಶ. ಹೀಗೆ ಬಂದ ಸುಳ್ಳು ಪರಿಣಾಮಗಳನ್ನೆಲ್ಲ ಸಾಲಾಗಿ ಜೋಡಿಸಿ. ಕರ್ನಾಟಕದ ಎರಡು ಅಂಕ ಆ ಸಾಲಿನ ನಡುವೆ ಎಲ್ಲೋ ಬಿದ್ದರೆ, ಯೋಜನೆಯೇ ಇಲ್ಲದ ರಾಜ್ಯಗಳಲ್ಲೂ ಅಷ್ಟು ಏರಿಳಿತ ಮಾಮೂಲಿ ಅಂತಾಯಿತು. ತುದಿಯಲ್ಲಿ ನಿಂತರೆ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು.

ಈ ಪ್ರಶ್ನೆಗಳು ಶಕ್ತಿಯನ್ನು ಹೊಗಳುವವರಿಗೆ ಮಾತ್ರ ಅಂತ ಯಾರಾದರೂ ತಿಳಿದರೆ ತಪ್ಪು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬೆಂಗಳೂರು ಬಂದ್ ಮಾಡಿದಾಗ ಅವರ ಒಂದು ದೂರು, ಶಕ್ತಿಯಿಂದ ಆಟೋದವರ ದುಡಿಮೆ ಕುಸಿದಿದೆ ಎಂಬುದು. ಅದೂ ನಿಜ ಇರಬಹುದು. ಆದರೆ ಅದೇ ವರ್ಷಗಳಲ್ಲಿ ಬೈಕ್ ಟ್ಯಾಕ್ಸಿ ಹೆಚ್ಚಿತು, ಮೆಟ್ರೊ ಮುಂದಕ್ಕೆ ಹೋಯಿತು, ಆ್ಯಪ್‌ಗಳ ಕಮಿಷನ್ ಜಗಳವೂ ನಡೆಯಿತು. ಆಟೋದವರ ನಷ್ಟದಲ್ಲಿ ಬಸ್ಸಿನ ಪಾಲು ಎಷ್ಟು ಎಂದು ಹೇಳಲೂ ಅದೇ ಕಷ್ಟಪಡಬೇಕು. ಯೋಜನೆ ಇಷ್ಟವಿಲ್ಲದವರು ಈ ಭಾಗ ಬಂದಾಗ ಸೆಮಿನಾರಿನಲ್ಲಿ ಕೈ ಎತ್ತುವುದನ್ನು ನಿಲ್ಲಿಸುತ್ತಾರೆ. ಇದು ನಾನು ಕಂಡ ಮಾತು.

ಕೊನೆಗೆ ಅಧಿಕಾರಿಯೊಬ್ಬರು ಬೇಸತ್ತು ಕೇಳುತ್ತಾರೆ, "ಹಾಗಾದ್ರೆ ಏನ್ರೀ, ಯೋಜನೆ ದಂಡ ಅಂತಾನಾ?" ಹಾಗಲ್ಲ. ಉದ್ಯೋಗ ಹೆಚ್ಚಿದೆ ಎಂದು ತೋರಿಸಲಾಗಲಿಲ್ಲ ಅಂದರೆ ಹೆಚ್ಚಿಲ್ಲ ಎಂದು ತೋರಿಸಿದಂತೆ ಆಗುವುದಿಲ್ಲ. ಮೊದಲಿನಿಂದಲೂ ದಿನಾ ಮೂವತ್ತು ರೂಪಾಯಿ ಕೊಟ್ಟು ಓಡಾಡುತ್ತಿದ್ದ ಹೆಂಗಸಿಗೆ ತಿಂಗಳಿಗೆ 25 ದಿನಕ್ಕೆ 750 ರೂಪಾಯಿ ಉಳಿಯುತ್ತದೆ. ಇದಕ್ಕೆ ಪಕ್ಕದ ರಾಜ್ಯವೂ ಬೇಡ, ಪ್ಯಾರಲಲ್ ಟ್ರೆಂಡ್ಸೂ ಬೇಡ. ಅದು ನೇರ ಲೆಕ್ಕ. ಯೋಜನೆಯನ್ನು ಅಷ್ಟರಿಂದಲೇ ಸಮರ್ಥಿಸಬಹುದು, ಅಥವಾ ಅಷ್ಟು ದುಡ್ಡಿಗೆ ಹೆಚ್ಚು ಬಸ್ ಬಿಡಬಹುದಿತ್ತು ಎಂದು ವಾದಿಸಲೂಬಹುದು. ಪೇಪರಿನವರು ಉದ್ಯೋಗದ ಮಾತು ಹೇಳಿದ್ದಕ್ಕೇ ಅದಕ್ಕೆ ಬೇರೆ ಬಗೆಯ ಸಾಕ್ಷಿ ಬೇಕಾದದ್ದು.

ಆ ಸಾಕ್ಷಿ ಮುಂದೆ ಸ್ವಲ್ಪ ಸುಲಭವಾಗಿ ಸಿಗಬಹುದು, ಕರ್ನಾಟಕಕ್ಕಲ್ಲ, ಆಂಧ್ರಕ್ಕೆ. 2025ರ ಜನವರಿಯಿಂದ ಪಿಎಲ್‌ಎಫ್‌ಎಸ್ ಮಾದರಿ ಆಯ್ಕೆಯಲ್ಲಿ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದೆ, ಅಂದಾಜುಗಳು ತಿಂಗಳಿಗೊಮ್ಮೆ ಬರುತ್ತಿವೆ. ಆಂಧ್ರದಲ್ಲಿ ಹೆಂಗಸರಿಗೆ ಉಚಿತ ಬಸ್ ಶುರುವಾದದ್ದು ಆ ವರ್ಷದ ಆಗಸ್ಟ್ 15ಕ್ಕೆ. ಯೋಜನೆಗೆ ಮೊದಲಿನ ಏಳು ತಿಂಗಳ ಲೆಕ್ಕ ಹೊಸ ಪದ್ಧತಿಯಲ್ಲೇ ಅವರ ಕೈಯಲ್ಲಿದೆ. ನಮ್ಮಲ್ಲಿ ಶಕ್ತಿ ಬಂದಾಗ ಜಿಲ್ಲಾವಾರು ನಂಬುವಂಥ ಮೊದಲಿನ ಲೆಕ್ಕ ಆ ಸಮೀಕ್ಷೆಯಲ್ಲಿ ಇರಲಿಲ್ಲ. ಮಂಗಳೂರನ್ನು ಮೈಸೂರಿನ ಜೊತೆ ಹೋಲಿಸಬೇಕೆಂದರೆ ಕಾರ್ಖಾನೆಗಳ ಹಾಜರಿ ಪುಸ್ತಕ, ಪಿಎಫ್ ಖಾತೆಗಳಂಥ ಬೇರೆ ಕಡತಗಳಲ್ಲೇ ಹಳೆಯ ವರ್ಷಗಳನ್ನು ಹುಡುಕಬೇಕು.